ಟ್ಯೂಬಿಗೂ ಚೀಲಕ್ಕೂ ಹೊಂದಿತ್ತು

ವಿಜಯನಗರದ ಒಂದು ಆಸ್ಪತ್ರೆಯ ರಕ್ತನಿಧಿಗೆ ನಾನು ತರಬೇತಿಗೆ ಸೇರಿದ ಹೊಸತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಯಾರು ಏನು ಹೇಳಿದರೂ ‘ಆಧಾರ ಎಲ್ಲಿ?’ ಎಂದು ಕೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೆಂಗಸರ ವಾರ್ಡಿನಿಂದ ರಕ್ತದ ಟ್ಯೂಬ್ ಬಂತು. ತೀರಾ ರಕ್ತ ಹೋಗಿ ಹಿಮೋಗ್ಲೋಬಿನ್ ಆರಕ್ಕೆ ಇಳಿದಿದ್ದ ರೋಗಿಯೊಬ್ಬರದು. ಗುಂಪು ಪತ್ತೆ ಮಾಡುವ ದ್ರವಗಳಲ್ಲಿ ಆಂಟಿ-ಬಿ, ಆಂಟಿ-ಡಿ ಹಾಕಿದಾಗ ರಕ್ತಕಣಗಳು ಗುಂಪುಗೂಡಿದವು. ಆಂಟಿ-ಎ ಹಾಕಿದಲ್ಲಿ ಇಲ್ಲ. ರಕ್ತದ ತಿಳಿಯಾದ ಸೀರಮ್ಮನ್ನೂ ಪರೀಕ್ಷಿಸಿದೆ: ಎ ಕಣಗಳು ಮಾತ್ರ ಗುಂಪುಗೂಡಿದವು. ಬಿ ಪಾಸಿಟಿವ್, ಎರಡು ಮಾತಿಲ್ಲ. ಬಿ ಪಾಸಿಟಿವ್ ಚೀಲದ ರಕ್ತದೊಡನೆ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಮಾಡಿದೆ. ಹೊಂದಿತು.

ಕೌಂಟರಿಗೆ ಅವರ ಗಂಡ ಬಂದರು, ಹೆಗ್ಗನಹಳ್ಳಿಯವರು.

“ಬಿ ಪಾಸಿಟಿವ್ ರೆಡಿ ಇದೆ ಅಣ್ಣ.”

“ಬಿ ಅಲ್ಲ ಸಾರ್, ನಮ್ಮವಳ್ದು ಓ.” ಹಿಂದಿನ ಬಸುರಿನಲ್ಲಿ ಕೊಟ್ಟಿದ್ದ ತಾಯಿ ಕಾರ್ಡ್ ಮುಂದಿಟ್ಟರು.

“ಕಾರ್ಡಲ್ಲಿ ಯಾರೋ ಬರ್ದಿರ್ತಾರೆ. ನಾನು ಈಗ ಟೆಸ್ಟ್ ಮಾಡಿದೀನಿ.”

ಒಳಗಿದ್ದ ಹಿರಿಯ ಟೆಕ್ನಿಷಿಯನ್ ಮೇಡಂ ಎದ್ದು ಬಂದು ಕಾರ್ಡ್ ನೋಡಿದರು. “ಚೀಲ ಕೊಡ್ಬೇಡ. ಹೊಸ ಸ್ಯಾಂಪಲ್ ತಗೊಂಡ್ ಬಾ.”

“ಕಣ, ಸೀರಮ್ ಎರಡೂ ನೋಡಿದೀನಿ ಮೇಡಂ, ಕ್ರಾಸ್‌ಮ್ಯಾಚೂ ಸರಿ ಇದೆ. ಇನ್ನೇನು ಪುರಾವೆ ಬೇಕು?”

“ಯಾರ ರಕ್ತ ಟೆಸ್ಟ್ ಮಾಡ್ದೆ?”

“ಆಯಮ್ಮಂದು.”

“ನೀನೇ ಎಳೆದ್ಯಾ?”

“ಇಲ್ಲ…”

“ಹಂಗಾದ್ರೆ ಟ್ಯೂಬಲ್ಲಿರೋದನ್ನ ಟೆಸ್ಟ್ ಮಾಡ್ದೆ. ಟ್ಯೂಬಿಗೂ ಚೀಲಕ್ಕೂ ಜಾತಕ ಕೂಡಿದೆ, ಬೇಕಾದ್ರೆ ಮದುವೆ ಮಾಡ್ಸು. ಮಧ್ಯದಲ್ಲಿ ಆಯಮ್ಮನ್ನ ಯಾಕೆ ಎಳೀತೀಯ?”

ಟ್ಯೂಬನ್ನು ಕೈಗೆತ್ತಿಕೊಂಡು ನೋಡಿದೆ. ಎಲ್ಲವನ್ನೂ ಸಂಶಯಿಸುವ ನಾನು, ಟ್ಯೂಬಿಗೆ ಅಂಟಿಸಿದ ಚೀಟಿಯನ್ನು ಕಣ್ಣು ಮುಚ್ಚಿ ನಂಬಿದ್ದೆ.

ವಾರ್ಡಿಗೆ ಹೋದೆ. ಆ ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಕೈಪಟ್ಟಿಯೊಡನೆ ಹೋಲಿಸಿ, ರಕ್ತ ತೆಗೆದು, ಮಂಚದ ಪಕ್ಕದಲ್ಲೇ ಚೀಟಿ ಅಂಟಿಸಿದೆ. ಬೆಳಿಗ್ಗೆ ಎರಡು ಮಂಚದವರ ರಕ್ತ ಒಟ್ಟಿಗೆ ತೆಗೆದು, ಚೀಟಿಗಳನ್ನು ಮೇಜಿನ ಹತ್ತಿರ ಹೋಗಿ ಅಂಟಿಸಿದ್ದಾಗಿ ವಾರ್ಡಿನ ಸಿಸ್ಟರ್ ಸಣ್ಣ ದನಿಯಲ್ಲಿ ಒಪ್ಪಿಕೊಂಡರು. ಚೀಟಿ ಅದಲುಬದಲಾಗಿರಬಹುದೆಂದು ಪಕ್ಕದ ಮಂಚದವರ ರಕ್ತವನ್ನೂ ಹೊಸದಾಗಿ ತೆಗೆಸಿದೆವು.

ಹೊಸ ಟ್ಯೂಬಿನ ಫಲಿತಾಂಶ: ಓ ಪಾಸಿಟಿವ್. ಅವರ ಸೀರಮ್ ಎ, ಬಿ ಎರಡೂ ಕಣಗಳನ್ನು ಗುಂಪುಗೂಡಿಸಿತು. ನಾನು ಸಿದ್ಧಮಾಡಿದ್ದ ಚೀಲ ಏರಿಸಿದ್ದರೆ ಆ ಕಣಗಳು ಅವರ ನಾಳಗಳಲ್ಲೇ ಒಡೆಯುತ್ತಿದ್ದವು. ಮೂತ್ರಪಿಂಡ, ಪ್ರಾಣ, ಯಾವುದಕ್ಕೂ ಖಾತರಿ ಇರುತ್ತಿರಲಿಲ್ಲ.

“ನಾನ್ ಹೇಳ್ದಾಗ ನಂಬ್ಲಿಲ್ವಲ್ಲ ಸಾರ್,” ಎಂದರು ಗಂಡ. ಕಾರ್ಡೂ ಪುರಾವೆಯಲ್ಲ, ಅದು ಎತ್ತಿದ ಪ್ರಶ್ನೆ ಮಾತ್ರ ಸರಿ ಎಂಬ ವಾದ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. “ತಪ್ಪಾಯ್ತು ಅಣ್ಣ,” ಎಂದೆ.

ಓ ಪಾಸಿಟಿವ್ ಚೀಲ ಹೊಂದಿದ ಮೇಲೆ ಮಧ್ಯಾಹ್ನ ಏರಿಸಿದರು. ಮೊದಲ ಹದಿನೈದು ನಿಮಿಷ ಸಿಸ್ಟರ್ ಪಕ್ಕದಲ್ಲಿ ನಾನೂ ನಿಂತೆ. ರಕ್ತ ಹೊಂದದಿದ್ದರೆ ಬರುವ ಚಳಿ, ಜ್ವರ, ಬೆನ್ನುನೋವು ಏನಾದರೂ ಇದೆಯಾ ಎಂದು ಮತ್ತೆ ಮತ್ತೆ ಕೇಳಿದೆ.

“ಏನೂ ಇಲ್ಲ ಕಣಪ್ಪಾ,” ಎಂದರು ಆಕೆ. “ಅದನ್ನೇ ಎಷ್ಟು ಸಲ ಕೇಳ್ತೀಯ, ಕೂತ್ಕೋ.”