ಗೋಡೆಗೆ ಅಂಟಿಸಿದ ಗೆದ್ದ ಕುದುರೆಗಳು

ಫೌಂಡ್ರಿಯಲ್ಲಿ ಲಾರಿಗೆ ಹತ್ತಿದ ಮಾಲನ್ನು ಮಾತ್ರ ನೋಡಿದವರಿಗೆ, ಇಲ್ಲಿ ಎರಕ ಹೊಯ್ದ ಒಂದು ಪೀಸೂ ಹಾಳಾಗುವುದಿಲ್ಲ ಅನ್ನಿಸುತ್ತದೆ. ಹಿಂದುಗಡೆ ಗುಜರಿ ರಾಶಿ ನೋಡಿದರೆ ಹಾಳಾದದ್ದು ಎಷ್ಟು ಅಂತ ಗೊತ್ತಾಗುತ್ತದೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಶಿವಮೊಗ್ಗದ ಒಂದು ಫೌಂಡ್ರಿ ಸೇರಿದವನು. ಅಲ್ಲಿ ಮೊದಲು ಕಲಿತ ಪಾಠವೇ ಅದು: ಎಷ್ಟು ಒಳ್ಳೆಯದು ಬಂತು ಅನ್ನುವ ಮೊದಲು ಎಷ್ಟು ಹೊಯ್ದೆ ಅಂತ ಕೇಳು.

ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ನನ್ನ ಭಾವ, ಅಂದರೆ ಅಕ್ಕನ ಗಂಡ, ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತಗೊಂಡ ವರ್ಷ ಅದು. ಬಂದ ಹಣದಲ್ಲಿ ಓಲ್ಡ್ ಟೌನಿನಲ್ಲಿ ವೆಲ್ಡಿಂಗ್ ಅಂಗಡಿ ಹಾಕುವುದು ಅಂತ ಆಗಿತ್ತು. ಮಳಿಗೆಯೂ ನೋಡಿ ಆಗಿತ್ತು. ಅಷ್ಟರಲ್ಲಿ ಭಾವನ ಜೊತೆ ಕೆಲಸ ಮಾಡಿದ್ದ ಒಬ್ಬರಿಗೆ ಬೆಂಗಳೂರಿನ ರೇಸಿನಲ್ಲಿ ಮೂರು ಭಾನುವಾರ ಸತತವಾಗಿ ಹಾಕಿದ ಕುದುರೆಯೇ ಗೆದ್ದಿತು. ಯಾವ ಕುದುರೆ ಗೆಲ್ಲುತ್ತದೆ ಅಂತ ಟಿಪ್ಸ್ ಕೊಟ್ಟವನು ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಹಡಿ ರೂಮಿನಲ್ಲಿದ್ದ. ಅಂಗಡಿಯ ಅರ್ಧ ಹಣವನ್ನು ಮೊದಲು ಅಲ್ಲಿ ಬೆಳೆಸಿಕೊಳ್ಳುತ್ತೇನೆ ಅಂತ ಭಾವ ಹೊರಟರು. ಅಕ್ಕ ನನಗೆ ಹೇಳಿ ಕಳಿಸಿದಳು.

ಭಾವನ ಜೊತೆ ನಾನೂ ಆ ರೂಮಿಗೆ ಹೋದೆ. ಗೋಡೆ ತುಂಬ ಪೇಪರಿನ ರಿಸಲ್ಟ್ ತುಂಡುಗಳು, ಗೆದ್ದ ಕುದುರೆಗಳ ಹೆಸರಿಗೆಲ್ಲ ಕೆಂಪು ಇಂಕಿನ ಸುತ್ತು. ಹತ್ತರಲ್ಲಿ ಒಂಬತ್ತು ನಮ್ಮದೇ ಅಂದ ಆತ. ಒಳ್ಳೇ ಮಾತುಗಾರ, ಟೀ ತರಿಸಿದ. ಸೋತದ್ದನ್ನು ಯಾವ ಗೋಡೆಗೆ ಅಂಟಿಸಿದ್ದೀರಿ ಅಂತ ಕೇಳಿದೆ. ನಕ್ಕುಬಿಟ್ಟ.

ವಾಪಸು ಬಸ್ಸಿನಲ್ಲಿ ಭಾವನ ಮುಖದಲ್ಲಿ ಸಿಟ್ಟಿತ್ತು. "ನಿಂಗೆ ಎಲ್ಲದ್ರಲ್ಲೂ ಹುಳುಕೇ ಕಾಣ್ತದಲ್ಲ ಮಾರಾಯ" ಅಂದರು.

"ರೇಸ್ ಮುಗಿದ್ಮೇಲೆ ಸುತ್ತು ಹಾಕೋದಕ್ಕೆ ನಂಗೂ ಬರ್ತದೆ ಭಾವ. ಓಡೋ ಮೊದ್ಲು ಹೇಳಿದ್ದು ನೋಡಣ."

ಭಾವ ಹಟವಾದಿ, ಆದರೆ ಪರೀಕ್ಷೆಗೆ ಹೆದರುವವರಲ್ಲ. ಇಬ್ಬರೂ ಸೇರಿ ಒಂದು ದಾರಿ ಮಾಡಿಕೊಂಡೆವು. ಭಾನುವಾರದ ಟಿಪ್ಸ್ ಶನಿವಾರ ಸಿಕ್ಕಿದ ಕೂಡಲೇ ಅಂಚೆ ಕಾರ್ಡಿನಲ್ಲಿ ಬರೆದು, ಅಂಚೆ ಕಚೇರಿಯ ಕೌಂಟರಿನಲ್ಲಿ ಸೀಲು ಹಾಕಿಸಿ, ಭಾವನ ವಿಳಾಸಕ್ಕೇ ಹಾಕುವುದು. ಸೀಲಿನ ತಾರೀಖನ್ನು ಯಾರೂ ಆಮೇಲೆ ತಿದ್ದಲಾರರು. ಸೋಮವಾರದ ಪೇಪರಿನಲ್ಲಿ ಫಲಿತಾಂಶ, ಹತ್ತು ರೂಪಾಯಿ ಟಿಕೆಟ್ಟಿಗೆ ಎಷ್ಟು ಬಂತು ಅನ್ನುವುದೂ ಇರುತ್ತಿತ್ತು. ಕುದುರೆ ಯಾವುದೇ ಇರಲಿ, ಒಂದೊಂದಕ್ಕೂ ಒಂದೇ ಸಮ ಬಾಜಿ, ಹತ್ತು ರೂಪಾಯಿ, ಅದೂ ಕಾಗದದ ಮೇಲೆ ಮಾತ್ರ. ಟಿಪ್ಸ್ ಫೀಸು ಭಾವನದೇ. ಅಂಗಡಿಯ ಹಣ ಬ್ಯಾಂಕಿನಿಂದ ಅಲ್ಲಾಡಬಾರದು. ಇಪ್ಪತ್ತು ಕುದುರೆ ಆಗುವವರೆಗೆ ಮಾತಿಲ್ಲ.

ಮೊದಲ ವಾರ ಎರಡು ಕುದುರೆ ಗೆದ್ದವು. ಭಾವ ನನ್ನ ಮನೆಗೆ ಜಿಲೇಬಿ ತಂದರು. ಜೊತೆಗೆ ಬಂದಿದ್ದ ಅಕ್ಕ ನನ್ನ ಮುಖ ನೋಡಿದಳು. ಇದು ಎಲ್ಲಿಗೆ ಹೋಗುತ್ತದೋ ಅಂತ ನನಗೂ ಅಳುಕಾಯಿತು.

ಆಮೇಲೆ ಸೋಲು ಶುರುವಾಯಿತು. ಒಂದು ವಾರ ಮೂರು ಕುದುರೆ ಸೋತು ಒಂದು ಗೆದ್ದಾಗ ಟಿಪ್ಸಿನವನು ಭಾವನಿಗೆ, ಗೆದ್ದದ್ದಕ್ಕೆ ಐದು ಪಟ್ಟು ಹಾಕಿ ಅಂತ ಹೇಳಿದ್ದೆನಲ್ಲ, ಲಾಭವೇ ಆಯಿತು ಅಂದನಂತೆ. ಭಾವ ಮನೆಗೆ ಬಂದು ಕಾರ್ಡು ತಿರುಗಿಸಿ ನೋಡಿದರು. ಐದು ಪಟ್ಟಿನ ಮಾತೇ ಇರಲಿಲ್ಲ. ಅವತ್ತು ಭಾವ ಊಟ ಸರಿಯಾಗಿ ಮಾಡಲಿಲ್ಲ.

ಕೊನೆಗೆ ಕಣ್ಣು ಬಿಚ್ಚಿದ್ದು ಕಾರ್ಖಾನೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ. ನಾವಿಬ್ಬರೂ ಹೋದಾಗ ಆತನ ಇನ್ನೂ ಇಬ್ಬರು ಗಿರಾಕಿಗಳು ಅಲ್ಲಿ ಕೂತಿದ್ದರು. ಮಾತಿಗೆ ಮಾತು ಬಂದು ಟಿಪ್ಸ್ ಹೋಲಿಸಿ ನೋಡಿದರೆ, ಒಂದೇ ಭಾನುವಾರದ ಒಂದೇ ರೇಸಿಗೆ ಒಬ್ಬನಿಗೆ ಒಂದು ಕುದುರೆ, ಇನ್ನೊಬ್ಬನಿಗೆ ಬೇರೆಯದು, ಭಾವನಿಗೆ ಮೂರನೆಯದು. ಯಾವುದು ಗೆದ್ದರೂ ಯಾರೋ ಒಬ್ಬ ಆತನನ್ನು ಹೊಗಳುವವನೇ. ಸೋತವರು ಮುಖ ತೋರಿಸಲಾರದೆ ಆತನ ಹತ್ತಿರ ಬರುವುದನ್ನೇ ಬಿಡುತ್ತಿದ್ದರು. ಮೂರು ವಾರ ಗೆದ್ದಿದ್ದ, ಭಾವನ ಜೊತೆ ಕೆಲಸ ಮಾಡಿದ್ದ ಆ ಒಬ್ಬರು ಹಾಗೆ ಜರಡಿಯಲ್ಲಿ ಉಳಿದುಕೊಂಡವರು. ಅವರು ಸುಳ್ಳು ಹೇಳಿರಲಿಲ್ಲ. ಅವರ ಸುತ್ತ ಉದುರಿದವರು ನಮಗೆ ಕಂಡಿರಲಿಲ್ಲ, ಅಷ್ಟೆ.

"ನೀನು ಯಾವಾಗ್ಲೂ ಹೇಳೋ ಗುಜರಿ ರಾಶಿ ಇದೇ ಏನೋ?" ಅಂದರು ಭಾವ.

ಇಪ್ಪತ್ತು ತುಂಬಿದ ದಿನ ಲೆಕ್ಕ ಮಾಡಿದವರು ಅವರೇ, ನನ್ನನ್ನು ಪೆನ್ನು ಮುಟ್ಟಲು ಬಿಡಲಿಲ್ಲ. ಗೆದ್ದದ್ದು ಏಳು. ಹೆಚ್ಚಿನವು ಎಲ್ಲರೂ ಹಾಕುವ ಫೇವರಿಟ್ ಕುದುರೆಗಳು, ಗೆದ್ದರೂ ಸಿಗುವುದು ಕಡಿಮೆ. ಇನ್ನೂರು ಹಾಕಿದ್ದಕ್ಕೆ ಬಂದದ್ದು ನೂರ ನಲವತ್ತು. ಇಪ್ಪತ್ತೇ ಕುದುರೆಯಲ್ಲಿ ಒಬ್ಬನ ಕೈಗುಣ ಪೂರ್ತಿ ಗೊತ್ತಾಗುವುದಿಲ್ಲ, ಅದು ನಿಜ. ಆದರೆ ಹತ್ತಕ್ಕೆ ಒಂಬತ್ತು ಅಂದವನನ್ನು ಅಳೆಯಲು ಅಷ್ಟೇ ಸಾಕಿತ್ತು.

"ಕಾಗದದ ಮೇಲೇ ಹೋಯ್ತಲ್ಲ, ಪುಣ್ಯ" ಅಂದಳು ಅಕ್ಕ.

ಭಾವ ಮರುದಿನವೇ ಮಳಿಗೆಗೆ ಅಡ್ವಾನ್ಸ್ ಕೊಟ್ಟರು. ಕಾರ್ಡುಗಳು ಒಂದಿಷ್ಟು ಖಾಲಿ ಉಳಿದಿದ್ದವು. ಅವುಗಳಲ್ಲೇ ಅಂಗಡಿ ಪೂಜೆಗೆ ನೆಂಟರನ್ನು ಕರೆದರು. ನನಗೂ ಒಂದು ಬಂತು, ಬಾಯಲ್ಲೇ ಹೇಳಿದ್ದರೂ ಆಗುತ್ತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದರು: ಬಂದು ಮೊದಲ ಬೆಸುಗೆ ನೋಡು, ಹುಳುಕಿದ್ದರೆ ಆವಾಗಲೇ ಹೇಳು.