ಕರೆಗಂಟೆಯ ವೈರು

ಶಿಕಾರಿಪುರದಲ್ಲಿ ಪಂಪಿನ ಮೋಟರ್ ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯನೊಬ್ಬನಿಗೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಮೋಟರ್ ತಂದು "ಏನೋ ಆಗೈತಿ" ಎಂದರೆ ಸಾಕು, ಸ್ಪ್ಯಾನರ್ ಕುಕ್ಕಿ, "ಸರಿಯಾಗಿ ಹೇಳ್ರೀ!" ಎಂದು ಗದರುತ್ತಿದ್ದ.

ನಮ್ಮ ಗೃಹಪ್ರವೇಶಕ್ಕೆ ಅವನೇ ಮಾಡಿದ ಕರೆಗಂಟೆ ತಂದು ಗೋಡೆಗೆ ಕೂರಿಸಿದ. ಒತ್ತಿದರೆ ಗುಡವಿ ಪಕ್ಷಿಧಾಮದ ಹಕ್ಕಿಗಳೆಲ್ಲ ಒಟ್ಟಿಗೆ ಕಿರುಚಿದಂತೆ ಸದ್ದು. "ಭಾಳ ಚೆನ್ನಾಗೈತಿ" ಎಂದೆ. ಅವನು ಹೋದ ಮೇಲೆ ವೈರು ಕಿತ್ತೆ.

ತಿಂಗಳ ನಂತರ ಬಂದವನು ಒತ್ತಿದ. ಸದ್ದಿಲ್ಲ. ತನ್ನ ಕೆಲಸವೇ ಕೆಟ್ಟಿತೆಂದು ನಾಚಿ, ಬಿಸಿಲಲ್ಲೇ ನಿಂತು ಪೆಟ್ಟಿಗೆ ಬಿಚ್ಚಿದ. ಕಿತ್ತ ವೈರಿಗೆ ನಾನು ನೀಟಾಗಿ ಟೇಪು ಸುತ್ತಿದ್ದು ಕಂಡಿತು. ಅವನ ಮುಖ ಕೆಂಪಾಯಿತು.

"ಸರಿಯಾಗಿ ಹೇಳ್ರೀ!"

ನನ್ನ ಮೇಲೆ ನನಗೇ ಸಿಟ್ಟು ಬಂತು. "ಹಿತ್ತಲಲ್ಲಿದ್ರೆ ಬಾಗಿಲು ಬಡಿದದ್ದು ಕೇಳಲ್ಲ ಅಂತ ಒಂದ್ಸಲ ಅಂದಿದ್ದೆ. ಅದನ್ನ ನೆನಪಿಟ್ಟು, ಅಂಗಡಿ ಮುಚ್ಚಿದ ಮೇಲೂ ಕೂತು ಮಾಡಿದ್ರಿ. ಅದಕ್ಕೆ ಥ್ಯಾಂಕ್ಸ್, ಇದು ಮನಸಿಂದ ಹೇಳ್ತಿರೋದು. ಆದ್ರೆ ಆ ಸದ್ದು ನನಗೆ ಹಿಡಿಸಲಿಲ್ಲ, ಅವ್ವನೂ ಬೆಚ್ಚಿ ಬಿದ್ಲು. ಅವತ್ತೇ ಹೇಳದೆ ಮುಚ್ಚಿಟ್ಟಿದ್ದು ನನ್ನ ತಪ್ಪು."

"ಇಷ್ಟು ಹೇಳಾಕ ಒಂದು ತಿಂಗಳು ಬೇಕಿತ್ತೇನ್ರೀ? ಮೋಟರ್ ಸುಟ್ಟಿದ್ರ ಸುಟ್ಟೈತಿ ಅಂತ ನಾ ಮುಖದ ಮ್ಯಾಲೇ ಹೇಳಂಗಿಲ್ಲೇನು?"

ಗಂಟೆಯನ್ನು ಚೀಲಕ್ಕೆ ತುರುಕಿಕೊಂಡು, ಚಹಾ ಕುಡಿಯದೇ ಹೊರಟ.

ಮುಂದಿನ ವಾರ ಗೇಟಿನಿಂದಲೇ, ಆ ಗಂಟೆಗಿಂತ ಜೋರಾಗಿ ಅವನೇ ಕೂಗಿದ: "ಬಂದೀನ್ರೀ! ಈ ಸದ್ದಾದ್ರೂ ಹಿಡಿಸ್ತೇನು? ಸರಿಯಾಗಿ ಹೇಳ್ರೀ!"

"ಇಲ್ರೀ," ಎಂದೆ. "ಒಳಗೆ ಬರ್ರಿ."