ಕೊನೇಸಾಲಿನ ಅಕ್ಕ ಮತ್ತು ಹದಿನೇಳು ಧನ್ಯವಾದಗಳು

ಅವಳನ್ನು ಕಚೇರಿಯಲ್ಲಿ ಎಲ್ಲರೂ ಕೊನೇಸಾಲಿನ ಅಕ್ಕ ಎನ್ನುತ್ತಿದ್ದರು. ಗೌರವದಿಂದ ಇಟ್ಟ ಹೆಸರಲ್ಲ ಅದು. ಯಾವ ಪತ್ರ ಬಂದರೂ ಕೊನೆಯ ಸಾಲಿನವರೆಗೆ ಓದದೆ ಮುಂದಕ್ಕೆ ಬಿಡುವವಳಲ್ಲ ಎಂಬ ಕಾರಣಕ್ಕೆ ಹುಟ್ಟಿದ ಗೇಲಿ. ಗೇಲಿ ಮಾಡಿದವರ ಹೊಟ್ಟೆ ತಣ್ಣಗಿರಲಿ, ಆ ಹೆಸರನ್ನು ನಾನೂ ಬಳಸುತ್ತೇನೆ, ಆದರೆ ಬೇರೆ ದನಿಯಲ್ಲಿ.

ಇಪ್ಪತ್ತಾರು ವರ್ಷ ಒಂದು ಗಿರಣಿಯ ಟೆಲಿಫೋನ್ ಆಪರೇಟರ್ ಆಗಿದ್ದವಳು. ಗಿರಣಿ ಮುಚ್ಚಿದ ಮೇಲೆ ಎಂಟು ತಿಂಗಳು ಮನೆಯಲ್ಲಿ ಕೂತಳು. ಸೊಸೆ ಒಳ್ಳೆಯವಳೇ. ಆದರೆ ಪೊರಕೆ ಹಿಡಿದರೆ "ನೀವು ಕೂತ್ಕೊಳ್ಳಿ ಅತ್ತೆ" ಎಂದು ಕಸಿದುಕೊಳ್ಳುವಳು. ಸೌಟು ಹಿಡಿದರೆ ಅದನ್ನೂ ಕಸಿಯುವಳು. ದರ್ಜಿಯಾದ ಗಂಡನಂತೂ ಹೊಲಿಗೆ ಮಷೀನಿನ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಎಲ್ಲರೂ ಅಷ್ಟು ಪ್ರೀತಿಯಿಂದ ತನ್ನನ್ನು ಮೂಲೆಗೆ ಕೂರಿಸುತ್ತಿದ್ದಾರೆ ಎಂದು ಅವಳಿಗೆ ಅಳು ಬರುತ್ತಿತ್ತು. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ ಮಗಳ ಹತ್ತಿರ ಕಂಪ್ಯೂಟರ್ ಕಲಿತು, ಲಿಫ್ಟ್ ದುರಸ್ತಿ ಮಾಡುವ ಒಂದು ಕಂಪನಿಯ ಗ್ರಾಹಕ ವಿಭಾಗಕ್ಕೆ ಸೇರಿಕೊಂಡಳು. ಮೂರು ತಿಂಗಳು ಪರೀಕ್ಷೆಯ ಅವಧಿ. ಗೆದ್ದರೆ ಖಾಯಂ, ಸೋತರೆ ಮತ್ತೆ ಅದೇ ಮೂಲೆ.

ಕೆಲಸ ಏನೆಂದರೆ, ಗ್ರಾಹಕರ ಮೇಲ್‌ಗಳೆಲ್ಲ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ಪಾಳಿಯ ನಾಲ್ವರೂ ಅದನ್ನೇ ತೆರೆದುಕೊಂಡು ಕೂರುತ್ತಾರೆ. ಯಾರ ಹೆಸರಿಗೂ ಸೇರದ ಮೇಲ್‌ಗಳು ಮೊದಲ ಪಟ್ಟಿಯಲ್ಲಿರುತ್ತವೆ. ಒಂದೊಂದಕ್ಕೂ ದುರಸ್ತಿ, ಬಿಲ್, ತುರ್ತು ಎಂದು ಟ್ಯಾಗ್ ಹಚ್ಚಬೇಕು, ಯಾರು ನೋಡಿಕೊಳ್ಳಬೇಕೋ ಅವರಿಗೆ ಅಸೈನ್ ಮಾಡಬೇಕು, ಕೆಲಸ ಮುಗಿದ ಮೇಲೆ ಕ್ಲೋಸ್ ಮಾಡಬೇಕು. ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿಯುವಾಗ ಮೊದಲ ಪಟ್ಟಿ ಖಾಲಿಯಾಗಿರಬೇಕು. ಯಾರು ಎಷ್ಟು ಕ್ಲೋಸ್ ಮಾಡಿದರು ಎಂಬ ಸಂಖ್ಯೆ ಮ್ಯಾನೇಜರರಿಗೆ ಹೋಗುತ್ತದೆ. ಪಕ್ಕದ ಕುರ್ಚಿಯ ಹುಡುಗಿ, ಎಲ್ಲರ ಬಾಯಲ್ಲಿ ಮಿಂಚು, ದಿನಕ್ಕೆ ಅರವತ್ತು ಮುಗಿಸುತ್ತಿದ್ದಳು. ಅಕ್ಕನದು ಮೂವತ್ತರ ಆಸುಪಾಸು, ಮೂರೂ ತಿಂಗಳು ಎಲ್ಲರಿಗಿಂತ ಕೆಳಗೆ.

ಇದರಲ್ಲಿ ಒಂದು ಪೀಡೆ ಇತ್ತು. ಕ್ಲೋಸ್ ಆದ ಮೇಲ್‌ಗೆ ಗ್ರಾಹಕ ಉತ್ತರಿಸಿದರೆ ಅದು ಮತ್ತೆ ತೆರೆದುಕೊಂಡು, ಮೊದಲು ನೋಡಿದವರ ಹೆಸರಿಗೇ ಹೋಗಿ ಕೂರುತ್ತದೆ. ಜನ ಸುಮ್ಮನಿರಬೇಕಲ್ಲ? "ಧನ್ಯವಾದಗಳು" ಎಂದು ಬರೆದೇ ಬರೆಯುತ್ತಾರೆ. ಮುಗಿದ ಕೆಲಸ ಮತ್ತೆ ಎದ್ದು ಕೂರುತ್ತದೆ. ಬೇಸತ್ತ ಪಾಳಿಯ ಮುಖ್ಯಸ್ಥ ಒಂದು ನಿಯಮ ಹಾಕಿಸಿದ್ದ: ಉತ್ತರದ ಆರಂಭದಲ್ಲಿ ಧನ್ಯವಾದ ಎಂದಿದ್ದರೆ ತಾನಾಗಿಯೇ ಅದೇ ಹೆಸರಿನ ಟ್ಯಾಗ್ ಬೀಳುತ್ತದೆ. ಮೂರಕ್ಕೆ ಐದು ನಿಮಿಷವಿದ್ದಾಗ ಆ ಟ್ಯಾಗಿನವನ್ನೆಲ್ಲ ಒಟ್ಟಿಗೆ ಆರಿಸಿ ಕ್ಲೋಸ್ ಮಾಡಿಬಿಡುತ್ತಿದ್ದ. ಹತ್ತು ಸೆಕೆಂಡಿನ ಕೆಲಸ. ಅವನಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಪರೀಕ್ಷೆಯ ಅವಧಿಯ ಕೊನೆಯ ದಿನ. ಎರಡೂವರೆಗೆ ಅಕ್ಕನ ಹೆಸರಿನಲ್ಲಿ ಒಂಬತ್ತು ಮೇಲ್ ಉಳಿದಿದ್ದವು. ಎಲ್ಲವೂ ಸುಲಭದವು, ಮುಗಿಸಿದ್ದರೆ ನಲವತ್ತು ದಾಟುತ್ತಿತ್ತು. ಅವಳೋ ಧನ್ಯವಾದದ ಪಟ್ಟಿ ತೆರೆದಳು. ಹದಿನೇಳು ಇದ್ದವು.

"ಅಕ್ಕಾ, ಅದನ್ಯಾಕೆ ಮುಟ್ತೀರಿ?" ಎಂದ ಮುಖ್ಯಸ್ಥ. "ನಿಮ್ಮದೇ ಒಂಬತ್ತು ಹಾಗೇ ಇದೆ. ಇವತ್ತಿನ ಸಂಖ್ಯೆ ಮೇಲೇ ಸರ್ ತೀರ್ಮಾನ ಮಾಡೋದು."

"ಗೊತ್ತಪ್ಪ. ಆದ್ರೂ ಓದದೇ ಮುಚ್ಚೋಕೆ ನನಗೆ ಮನಸ್ಸು ಬರಲ್ಲ. ನೀನು ಇನ್ನೂ ಕ್ಲೋಸ್ ಒತ್ತಬೇಡ."

"ಥ್ಯಾಂಕ್ಸ್ ಅಂದಿದ್ದನ್ನ ಓದೋದೇನಿದೆ ಅಕ್ಕಾ!" ಎಂದು ಮಿಂಚು ನಕ್ಕಳು.

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ ಎಂದು ಅಕ್ಕನಿಗೂ ಅನ್ನಿಸಿತು. ಆದರೂ ಓದುತ್ತ ಹೋದಳು. ಒಂದು, ಎರಡು, ಹತ್ತು. ಬರೀ ಧನ್ಯವಾದಗಳೇ. ಒಬ್ಬರಂತೂ ಹೂವಿನ ಚಿತ್ರ ಹಾಕಿದ್ದರು.

ಹನ್ನೊಂದನೆಯದು ಒಂದು ವಸತಿ ಸಮುಚ್ಚಯದ ಕಾರ್ಯದರ್ಶಿಯದು. ಅದು ಕೂತಿದ್ದು ಮದುಮಗನ ಹೆಸರಿನಲ್ಲಿ. ಮದುಮಗ ಎಂದರೆ ಇವರ ನಾಲ್ಕನೆಯ ಜೊತೆಗಾರ, ಮದುವೆಗೆಂದು ಆ ದಿನದಿಂದ ಹತ್ತು ದಿನ ರಜೆ ಹಾಕಿದ್ದ. ಅವನ ಹೆಸರಿಗೆ ಸೇರಿದ್ದರಿಂದ ಮೊದಲ ಪಟ್ಟಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಧನ್ಯವಾದಗಳು, ನಿನ್ನೆ ನಿಮ್ಮವರು ಬಂದು ಹೋದ ಮೇಲೆ ಲಿಫ್ಟ್ ಚೆನ್ನಾಗಿ ಓಡುತ್ತಿದೆ." ಕೆಳಗೆ ಹೆಸರು, ವಿಳಾಸ, ಫೋನ್ ನಂಬರು. ಅದರ ಕೆಳಗೆ ಇನ್ನೂ ಎರಡು ಸಾಲು.

"ಅಂದಹಾಗೆ, ಮೂರನೇ ಮಹಡಿಯಲ್ಲಿ ಲಿಫ್ಟ್ ಇಲ್ಲದಾಗಲೂ ಬಾಗಿಲು ಕೈಯಲ್ಲಿ ಎಳೆದರೆ ತೆರೆಯುತ್ತಿದೆ. ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದಾರೆ. ಬಿಡುವಾದಾಗ ನೋಡಿ."

ಬಂದದ್ದು ಬೆಳಗ್ಗೆ ಒಂಬತ್ತಕ್ಕೆ. ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಅಕ್ಕ ಕಿರುಚಲಿಲ್ಲ. ಗಿರಣಿಯಲ್ಲಿ ಬೆಂಕಿ ಬಿದ್ದ ದಿನವೂ ಅವಳು ದನಿ ಏರಿಸಿರಲಿಲ್ಲವಂತೆ. ಮೇಲನ್ನು ತನ್ನ ಹೆಸರಿಗೆ ಹಾಕಿಕೊಂಡಳು, ತುರ್ತು ಎಂದು ಟ್ಯಾಗ್ ಹಚ್ಚಿದಳು, ಇನ್ನೊಂದು ಕೈಯಲ್ಲಿ ಆಗಲೇ ನಂಬರು ಒತ್ತಿದ್ದಳು.

"ಸ್ವಾಮೀ, ಲಿಫ್ಟ್ ಕಂಪನಿಯಿಂದ. ಮೊದಲು ಯಾರನ್ನಾದ್ರೂ ಮೂರನೇ ಮಹಡಿ ಬಾಗಿಲ ಮುಂದೆ ನಿಲ್ಲಿಸಿ. ಮಕ್ಕಳನ್ನ ದೂರ ಕಳಿಸಿ. ಒಳಗೆ ಯಾರೂ ಇಲ್ಲ ಅಂತ ನೋಡ್ಕೊಂಡು ಲಿಫ್ಟಿನ ಮೇನ್ ಸ್ವಿಚ್ ಆಫ್ ಮಾಡಿ. ನಾನು ಫೋನ್ ಇಡಲ್ಲ, ನೀವು ಮಾಡಿ ಬನ್ನಿ."

"ಅಷ್ಟು ಅವಸರವಾ? ಬಿಡುವಾದಾಗ ಅಂತ ಬರ್ದಿದ್ದೆ..."

"ಅವಸರ ಸ್ವಾಮೀ. ಓಡಿ."

ಅವರು ಹೋಗಿ ಬರಲು ಆರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮುಖ್ಯಸ್ಥ ತಾನಾಗಿಯೇ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕಳಿಸಿದ. ಕೊನೆಗೆ ಆ ಕಡೆಯಿಂದ ಏದುಸಿರಿನ ದನಿ ಬಂತು, "ಆಫ್ ಮಾಡ್ದೆ. ಕಾವಲುಗಾರ ನಿಂತಿದ್ದಾನೆ."

ಪಾಳಿ ಮುಗಿದರೂ ಅಕ್ಕ ಏಳಲಿಲ್ಲ. ಉಳಿದ ಆರು ಧನ್ಯವಾದಗಳನ್ನೂ ಓದಿದಳು. ನಾಲ್ಕಕ್ಕೆ ಮೆಕ್ಯಾನಿಕ್ ಫೋನ್ ಮಾಡಿದಾಗ ಮ್ಯಾನೇಜರ್ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು. "ಬಾಗಿಲಿನ ಬೀಗ ಕಚ್ಕೊಂಡೇ ಇಲ್ಲ. ಸಾಲದ್ದಕ್ಕೆ ನಿನ್ನೆ ಪರೀಕ್ಷೆಗೆ ಅಂತ ಹಾಕಿದ ತಂತೀನ ತೆಗೆಯೋದು ಮರ್ತಿದ್ದಾರೆ. ಅದ್ರಿಂದ ಬಾಗಿಲು ತೆರೆದಿದ್ರೂ ಲಿಫ್ಟ್ ಓಡ್ತಿತ್ತು. ಎರಡೂ ಸರಿ ಮಾಡ್ದೆ, ಎಲ್ಲಾ ಮಹಡೀನೂ ನೋಡ್ದೆ. ದೇವರು ದೊಡ್ಡವನು ಅಕ್ಕಾ."

ಮ್ಯಾನೇಜರ್ ಕೈಯಲ್ಲಿ ಆ ದಿನದ ಸಂಖ್ಯೆಗಳ ಹಾಳೆ ಇತ್ತು. ಅವರೇನು ಹೇಳುತ್ತಿದ್ದರೋ ಗೊತ್ತಿಲ್ಲ, ಅಕ್ಕನೇ ಬಾಯಿ ತೆರೆದಳು.

"ಸರ್, ನನ್ನ ಸಂಖ್ಯೆ ಎಲ್ಲರಿಗಿಂತ ಕಮ್ಮಿ. ನಾಳೆಯೂ ಕಮ್ಮೀನೇ ಇರುತ್ತೆ. ಹಿಂದೆ ಓದದೇ ಮುಚ್ಚಿದ ಧನ್ಯವಾದಗಳು ನಾನೂರರ ಮೇಲಿವೆ. ಅವನ್ನ ಒಬ್ಬರು ಕೂತು ಓದ್ಬೇಕು. ನಾನು ಓದ್ತೀನಿ. ಆದ್ರೆ ಖಾಯಂ ಆಗದೇ ಓದಲ್ಲ."

ಮಿಂಚಿನ ಕೈ ಬಾಯಿಗೆ ಹೋಯಿತು. ಮ್ಯಾನೇಜರ್ ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು.

"ಅಮ್ಮಾ, ನೀವು ಖಾಯಂ. ಪತ್ರ ಈಗಲೇ ಟೈಪ್ ಮಾಡಿಸ್ತೀನಿ." ಆಮೇಲೆ ಮುಖ್ಯಸ್ಥನ ಕಡೆ ತಿರುಗಿದರು. "ಆ ನಿಯಮ ತೆಗಿ. ರಜೆಯಲ್ಲಿರೋರ ಹೆಸರಿಗೆ ಬಂದಿದ್ದೆಲ್ಲ ಮೊದಲ ಪಟ್ಟಿಗೇ ಬರೋ ಹಾಗೆ ಮಾಡಿಸು."

"ಆಗಲೇ ತೆಗ್ದೆ ಸರ್," ಎಂದ ಅವನು, ತಲೆ ಎತ್ತದೆ.

ಅಷ್ಟರಲ್ಲಿ ಕಾರ್ಯದರ್ಶಿಯ ಉತ್ತರ ಬಂದು ಪರದೆಯ ಮೇಲೆ ಬಿತ್ತು. "ಮೂರನೇ ಮಹಡಿಯ ಐದೂ ಮಕ್ಕಳು ಈಗ ನನ್ನ ಎದುರಿಗೇ ನಿಂತಿದ್ದಾರೆ. ಚಿಕ್ಕವಳು ನನ್ನ ಮೊಮ್ಮಗಳು." ಮಿಂಚು ಅದನ್ನು ಜೋರಾಗಿ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿ ಅಕ್ಕನ ಭುಜ ಹಿಡಿದಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಲೇ ಮೌಸ್ ಹಿಡಿದು, ಆ ಮೇಲನ್ನು ತನ್ನ ಕೈಯಾರೆ ಕ್ಲೋಸ್ ಮಾಡಿದಳು.